ಸಂಪಾಜೆಯಲ್ಲಿ ಅಕ್ಷರಗಳೆಷ್ಟು?

ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಘಟ್ಟವನ್ನೇರಲು ತೊಡಗುವ ಎಡೆಯಲ್ಲಿ, ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿ, ಸಂಪಾಜೆ ಎಂಬ ಊರಿದೆ. ಈ ಊರಿನ ಹೆಸರಿನಲ್ಲಿ ಅಕ್ಷರಗಳೆಷ್ಟು ಎಂದು ಯಾರನ್ನು ಕೇಳಿದರೂ ಮೂರು ಎಂಬ ಉತ್ತರವೇ ಬರುವುದು: ಸಂ, ಪಾ, ಜೆ. ಇದೇ ಪ್ರಶ್ನೆಯನ್ನು ಗಣಕಕ್ಕೆ ಹಾಕಿದರೆ ಅದು ಆರು ಎನ್ನುವುದು. ಪ್ರಶ್ನೆಯನ್ನು ತುಸು ಬದಲಿಸಿ ಹಾಕಿದರೆ ಹದಿನೆಂಟು ಎಂದೂ ಹೇಳಬಹುದು. ಗಣಕ ಎಣಿಕೆಯಲ್ಲಿ ತಪ್ಪುವ ಯಂತ್ರವಲ್ಲ. ಹಾಗಾದರೆ ಮೂರು, ಆರು, ಹದಿನೆಂಟು ಈ ಮೂರೂ ಉತ್ತರಗಳು ಸರಿಯಾಗಿರುವುದು ಹೇಗೆ? ಯಾವ ಕೆಲಸಕ್ಕೆ ಯಾವ ಉತ್ತರವನ್ನು ನಾವು ಹಿಡಿಯಬೇಕು? ಇದನ್ನು ತಿಳಿಯದೆ ಹೋದರೆ ಹೆಸರುಗಳು ಅರ್ಧಕ್ಕೆ ತುಂಡಾಗುವುದುಂಟು, ಎಚ್ಚರಿಕೆಯ ಸಂದೇಶಗಳು ಒಡೆದುಹೋಗುವುದುಂಟು. ಆದುದರಿಂದ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಗಣಕದ ಕಾಗುಣಿತ

ಪ್ರಾಥಮಿಕ ಶಾಲೆಯಲ್ಲಿ ಕಾಗುಣಿತವನ್ನು ಕಲಿಯುವ ಮಗು ಪದವನ್ನು ಬಿಡಿಸಿ ಹೇಳುವ ರೀತಿಯನ್ನು ನೆನೆಯಿರಿ. 'ಸ'ಕ್ಕೆ ಸೊನ್ನೆ, 'ಪ'ಕ್ಕೆ ಇಳಿ, 'ಜ'ಕ್ಕೆ ಎತ್ವ ಎಂದು ಅದು ಸಂಪಾಜೆಯನ್ನು ಒಪ್ಪಿಸುವುದು. ಹೀಗೆ ಒಪ್ಪಿಸುವಾಗ ಅದರ ಬಾಯಲ್ಲಿ ಬಂದ ವಸ್ತುಗಳು ಆರು: ಸ, ಸೊನ್ನೆ, ಪ, ಇಳಿ, ಜ, ಎತ್ವ. ಗಣಕವು ಕನ್ನಡವನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವುದೂ ಸರಿಯಾಗಿ ಇದೇ ಕ್ರಮದಲ್ಲಿ. ಅದು 'ಪಾ' ಎಂಬ ಇಡಿಯ ಆಕೃತಿಯನ್ನು ಒಂದು ಗುರುತಾಗಿ ಉಳಿಸಿಕೊಳ್ಳುವುದಿಲ್ಲ. 'ಪ' ಎಂಬುದಕ್ಕೆ ಒಂದು ಸಂಖ್ಯೆ, ಇಳಿಗೆ ಇನ್ನೊಂದು ಸಂಖ್ಯೆ ಎಂದು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಇಂತಹ ಒಂದೊಂದು ಸಂಖ್ಯೆಯನ್ನೂ ನಾವು ಇಲ್ಲಿ 'ಸಂಕೇತ' ಎಂದು ಕರೆಯೋಣ. ಈ ಸಂಕೇತಗಳನ್ನು ಓದಿ, 'ಪ'ಕಾರದ ತಲಕಟ್ಟನ್ನು ತೆಗೆದು ಇಳಿಯನ್ನು ಕೂಡಿಸಿ, 'ಪಾ' ಎಂಬ ಚಿತ್ರವನ್ನು ಪರದೆಯ ಮೇಲೆ ಬಿಡಿಸುವುದು ಅಕ್ಷರಶೈಲಿಯ ಕೆಲಸ.

ಪ್ರಪಂಚದ ಲಿಪಿಗಳಿಗೆಲ್ಲ ಇಂತಹ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆಯಿತು. ಭಾರತದಲ್ಲಿ ಅದಕ್ಕೆ ಮುಂಚೆಯೇ ರೂಪುಗೊಂಡಿದ್ದ 'ಇಸ್ಕಿ' ಎಂಬ ಮಾನಕದ ಕ್ರಮವನ್ನೇ ಅದು ಅನುಸರಿಸಿತು. ಈ ಕೇರಿಯ ಮನೆಗಳ ಅಂಕಿತಗಳಲ್ಲಿ ಸಂಪಾಜೆಯನ್ನು ಬರೆದರೆ ಹೀಗಾಗುವುದು:

```
ಸ U+0CB8    ಂ U+0C82
ಪ U+0CAA    ಾ U+0CBE
ಜ U+0C9C    ೆ U+0CC6
```

ಆರು ಸಂಕೇತಗಳು, ಆದುದರಿಂದ ಉದ್ದ ಆರು. ಹದಿನೆಂಟು ಬಂದುದು ಎಲ್ಲಿಂದ? ಸಂಕೇತಗಳನ್ನು ಕಡತದಲ್ಲಿ ಕೂಡಿಡುವಾಗ ಅವುಗಳನ್ನು ಬೈಟುಗಳೆಂಬ ಚಿಕ್ಕ ಪೆಟ್ಟಿಗೆಗಳಲ್ಲಿ ತುಂಬಬೇಕು. ಇಂದು ಬಹುವಾಗಿ ಬಳಕೆಯಲ್ಲಿರುವ `UTF-8` ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆರು ಮೂರಲ ಹದಿನೆಂಟು.

ಅಕ್ಷರಕ್ಕೊಂದು ಮನೆ ಏಕಿಲ್ಲ?

ಕಣ್ಣಿಗೆ ಕಾಣುವ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದರೆ ಈ ತೊಡಕೇ ಇರುತ್ತಿರಲಿಲ್ಲವಲ್ಲವೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ವ್ಯಂಜನಗಳು 34, ಸ್ವರಗಳು 13 ಎಂದಿಟ್ಟುಕೊಂಡರೆ ಗುಣಿತಾಕ್ಷರಗಳೇ 442 ಆಗುವುವು. ಎರಡು ವ್ಯಂಜನಗಳು ಕೂಡಿದ ಒತ್ತಕ್ಷರಗಳನ್ನು ತೆಗೆದುಕೊಂಡರೆ 34ನ್ನು 34ರಿಂದ ಗುಣಿಸಿ 1,156. ಒಂದೊಂದಕ್ಕೂ 13 ಸ್ವರಗಳನ್ನು ಹಚ್ಚಿದರೆ 15,028. ಇವೆಲ್ಲವೂ ಬಳಕೆಯಲ್ಲಿಲ್ಲವೆಂಬುದು ನಿಜ. ಆದರೆ ಯಾವುದು ಬೇಕಾದೀತು, ಯಾವುದು ಬೇಡವಾದೀತು ಎಂದು ಮೊದಲೇ ನಿರ್ಣಯಿಸುವುದು ಅಸಾಧ್ಯ. ಮೂರು ವ್ಯಂಜನಗಳು ಕೂಡುವ 'ಸ್ತ್ರೀ'ಯಂತಹ ಅಕ್ಷರಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ! ಮೂಲವರ್ಣಗಳನ್ನೂ ಚಿಹ್ನೆಗಳನ್ನೂ ಮಾತ್ರ ಇಟ್ಟುಕೊಂಡು, ಅವುಗಳನ್ನು ಕೂಡಿಸುವ ನಿಯಮವನ್ನು ಕೊಡುವುದೇ ಜಾಣತನ. 128 ಮನೆಗಳು ಸಾಕಾದುದು ಈ ಉಪಾಯದಿಂದಲೇ.

ಈ ಉಪಾಯದಲ್ಲಿ ಸ್ವರಚಿಹ್ನೆಗಳಷ್ಟೇ ಮುಖ್ಯವಾದ ಇನ್ನೊಂದು ಸಂಕೇತವಿದೆ. ಅದು ಹಲಂತ, ಎಂದರೆ ವ್ಯಂಜನದೊಳಗಿನ ಅಕಾರವನ್ನು ತೆಗೆದುಹಾಕುವ '್' ಎಂಬ ಗುರುತು. ಅದರ ಮನೆ `U+0CCD`. ಅದು ಪದದ ಕೊನೆಯಲ್ಲಿ ನಿಂತರೆ ಕಣ್ಣಿಗೆ ಕಾಣುವುದು. 'ಬಸ್' ಎಂಬಲ್ಲಿ ಕಾಣುವಂತೆ. ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಗುರುತು ಮಾಯವಾಗುವುದು. ಮುಂದಿನ ವ್ಯಂಜನವು ಒತ್ತಾಗಿ ಕೆಳಗಿಳಿಯುವುದು. 'ಸುಳ್ಯ' ಎಂಬುದನ್ನು ಬಿಡಿಸಿದರೆ ಸ, ಕೊಂಬು, ಳ, ಹಲಂತ, ಯ ಎಂದು ಐದು ಸಂಕೇತಗಳು ದೊರೆಯುವುವು. ನಮಗೆ ಕಾಣುವ ಅಕ್ಷರಗಳು ಎರಡೇ. 'ಪುತ್ತೂರು' ಎಂಬುದರಲ್ಲಿ ಪ, ಕೊಂಬು, ತ, ಹಲಂತ, ತ, ಕೊಂಬಿನ ಇಳಿ, ರ, ಕೊಂಬು ಎಂದು ಎಂಟು ಸಂಕೇತಗಳಿವೆ. ಕಾಣುವ ಅಕ್ಷರಗಳು ಮೂರು. ನೆರೆಯ 'ಕಡಬ'ವನ್ನು ನೋಡಿದರೆ ಅಲ್ಲಿ ಚಿಹ್ನೆಯೂ ಇಲ್ಲ, ಒತ್ತೂ ಇಲ್ಲ; ಸಂಕೇತಗಳೂ ಮೂರು, ಅಕ್ಷರಗಳೂ ಮೂರು. ಹೀಗೆ ನೆರೆನೆರೆಯ ಮೂರು ತಾಲ್ಲೂಕುಗಳ ಹೆಸರುಗಳಲ್ಲಿ ಮೂರು ಬಗೆಯ ಅನುಪಾತ. ಆದುದರಿಂದ ಸಂಕೇತಗಳ ಸಂಖ್ಯೆಯನ್ನು ಇಂತಿಷ್ಟರಿಂದ ಭಾಗಿಸಿದರೆ ಅಕ್ಷರಗಳ ಸಂಖ್ಯೆ ಬರುವುದೆಂಬ ಸುಲಭ ಸೂತ್ರ ಯಾವುದೂ ಇಲ್ಲ.

ಒಂದೇ ಪದವನ್ನು ಎರಡು ರೀತಿಯಲ್ಲಿ ಅಳೆಯುವುದು ಕನ್ನಡಕ್ಕೆ ಹೊಸದೇನಲ್ಲ. ಛಂದಸ್ಸಿನಲ್ಲಿ ಅಕ್ಷರಗಳ ಎಣಿಕೆ ಬೇರೆ, ಮಾತ್ರೆಗಳ ಎಣಿಕೆ ಬೇರೆ. ಕಡಬ ಮತ್ತು ಸಂಪಾಜೆ ಎರಡೂ ಮೂರು ಅಕ್ಷರದ ಪದಗಳಾದರೂ ಮೊದಲನೆಯದು ಮೂರು ಮಾತ್ರೆ. ಎರಡನೆಯದು ಗುರು, ಗುರು, ಲಘು ಸೇರಿ ಐದು ಮಾತ್ರೆ. ಅಕ್ಷರವೃತ್ತಕ್ಕೆ ಒಂದು ಲೆಕ್ಕ, ಷಟ್ಪದಿಗೆ ಇನ್ನೊಂದು ಲೆಕ್ಕ. ಗಣಕದಲ್ಲಿಯೂ ಹಾಗೆಯೇ, ಯಾವ ಕಾರ್ಯಕ್ಕಾಗಿ ಅಳೆಯುತ್ತಿದ್ದೇವೆಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಎಪ್ಪತ್ತರ ಗೆರೆ

2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಸಂಪಾಜೆಯಿಂದ ಮೇಲಕ್ಕೆ ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಕುಸಿದು, ಮಡಿಕೇರಿಗೆ ಹೋಗುವ ಹೆದ್ದಾರಿ ಮುಚ್ಚಿಹೋಯಿತು. ಅಂತಹ ದಿನ ಊರಿನವರ ಫೋನುಗಳಿಗೆ ಕಿರುಸಂದೇಶದ ಮೂಲಕ ಎಚ್ಚರಿಕೆ ಕಳುಹಿಸಬೇಕಾಗಿದೆಯೆಂದು ಭಾವಿಸಿ, ಉದಾಹರಣೆಗಾಗಿ ನಾವೇ ಒಂದು ಸಂದೇಶವನ್ನು ರಚಿಸೋಣ:

ಸಂಪಾಜೆ ಘಾಟಿಯಲ್ಲಿ ಗುಡ್ಡ ಕುಸಿದಿದೆ. ಜೋಡುಪಾಲದ ಕಡೆಗೆ ಯಾರೂ ಹೋಗಬೇಡಿ. ರಸ್ತೆ ಮುಚ್ಚಿದೆ.

ಒಂದು ಕಿರುಸಂದೇಶದಲ್ಲಿ ಹಿಡಿಸುವುದು 140 ಬೈಟುಗಳು. ಇಂಗ್ಲಿಷಿನ ಅಕ್ಷರಗಳನ್ನು ಏಳೇಳು ಬಿಟ್ಟುಗಳಲ್ಲಿ ಒತ್ತಾಗಿ ತುಂಬುವುದರಿಂದ ಇಷ್ಟರಲ್ಲಿಯೇ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಸಂದೇಶದಲ್ಲಿ ಸಾಮಾನ್ಯವಾಗಿ ಒಂದೊಂದು ಸಂಕೇತಕ್ಕೂ ಎರಡು ಬೈಟುಗಳಾಗುವುದರಿಂದ ಹಿಡಿಸುವುದು 70 ಸಂಕೇತಗಳು. ಎರಡು ಪದಗಳ ನಡುವಣ ತೆರಪೂ, ವಾಕ್ಯದ ಕೊನೆಯ ಚುಕ್ಕೆಯೂ ಒಂದೊಂದು ಸಂಕೇತವೇ.

ಈಗ ಎಣಿಸೋಣ. ಕಣ್ಣಿಗೆ ಕಾಣುವ ಅಕ್ಷರಗಳು 32, ತೆರಪುಗಳು 9, ಚುಕ್ಕೆಗಳು 3, ಒಟ್ಟು 44. ಎಪ್ಪತ್ತಕ್ಕೆ ಇನ್ನೂ 26 ಉಳಿದಿವೆಯೆಂದು ಬರೆದವರು ನಿಶ್ಚಿಂತರಾಗಬಹುದು. ಆದರೆ ಸಂಕೇತಗಳನ್ನು ಎಣಿಸಿದರೆ ಹತ್ತು ಪದಗಳಲ್ಲಿ ಅನುಕ್ರಮವಾಗಿ 6, 9, 5, 8, 8, 5, 4, 7, 5, 8; ಇವುಗಳ ಮೊತ್ತ 65. ತೆರಪು, ಚುಕ್ಕೆಗಳ ಹನ್ನೆರಡನ್ನು ಕೂಡಿಸಿದರೆ 77. ಎಪ್ಪತ್ತರ ಗೆರೆ ದಾಟಿತು. ಸಂದೇಶವನ್ನು ಎರಡು ತುಂಡು ಮಾಡಲೇಬೇಕು. ತುಂಡುಗಳನ್ನು ಮರಳಿ ಜೋಡಿಸಲು ಪ್ರತಿಯೊಂದರಲ್ಲಿಯೂ ಆರು ಬೈಟುಗಳ ಒಂದು ಚೀಟಿಯನ್ನು ಅಂಟಿಸಬೇಕಾಗುವುದರಿಂದ ಒಂದು ತುಂಡಿನಲ್ಲಿ ಈಗ 67 ಸಂಕೇತಗಳಿಗೆ ಮಾತ್ರ ಜಾಗ. ನಮ್ಮ ಸಂದೇಶದ ಅರವತ್ತೇಳನೆಯ ಸಂಕೇತ ಯಾವುದು? 'ರಸ್ತೆ' ಎಂಬ ಪದದ ಕೊನೆಯ ಎತ್ವ! ಮೊದಲನೆಯ ತುಂಡು 'ರಸ್ತೆ' ಎಂಬಲ್ಲಿಗೆ ಮುಗಿಯುವುದು. 'ಮುಚ್ಚಿದೆ' ಎಂಬ ಮಾತು ಎರಡನೆಯ ತುಂಡಿನಲ್ಲಿ ಹೋಗುವುದು. ಎರಡೂ ತಲಪಿದರೆ ಫೋನು ಅವನ್ನು ಜೋಡಿಸಿ ಒಂದಾಗಿ ತೋರಿಸುವುದು. ಆದರೆ ಘಟ್ಟದ ಮಳೆಯಲ್ಲಿ ಸಂಪರ್ಕವು ಕಡಿದು ಕಡಿದು ದೊರೆಯುತ್ತಿರುವಾಗ ಒಂದು ತುಂಡು ಹಿಂದುಳಿದರೆ ಸಂದೇಶವು ಅಪೂರ್ಣವಾಗಿಯೇ ಉಳಿಯುವುದು. ಅಲ್ಲದೆ ಒಂದರ ಬದಲು ಎರಡು ಸಂದೇಶಗಳ ವೆಚ್ಚವೂ ಬೀಳುವುದು.

ಪರಿಹಾರ ಕಷ್ಟವಲ್ಲ, ಸರಿಯಾದ ಎಣಿಕೆ ಕೈಯಲ್ಲಿರಬೇಕು, ಅಷ್ಟೆ. 'ಕುಸಿದಿದೆ' ಎಂಬುದನ್ನು 'ಕುಸಿತ' ಎಂದು ಮಾಡಿದರೆ ಕಣ್ಣಿಗೆ ಕಡಮೆಯಾಗುವುದು ಒಂದೇ ಅಕ್ಷರವಾದರೂ ಸಂಕೇತಗಳಲ್ಲಿ ಮೂರು ಉಳಿಯುವುವು. 'ಯಾರೂ' ಎಂಬ ಪದವನ್ನೂ ಅದರ ಬಳಿಯ ತೆರಪನ್ನೂ ಬಿಟ್ಟರೆ ಐದು ಉಳಿಯುವುವು. ಎಪ್ಪತ್ತೇಳರಲ್ಲಿ ಎಂಟು ಕಳೆದು 69. ಈಗ ಇಡಿಯ ಎಚ್ಚರಿಕೆ ಒಂದೇ ಸಂದೇಶದಲ್ಲಿ ಹೋಗುವುದು, ಅರ್ಥಕ್ಕೆ ಏನೂ ಕೊರತೆಯಾಗದು.

ಕತ್ತರಿ ಬೀಳುವ ಜಾಗ

ಎರಡನೆಯ ಅಪಾಯ ಅರ್ಜಿಗಳಲ್ಲಿಯೂ ಪಟ್ಟಿಗಳಲ್ಲಿಯೂ ಕಾಣುವಂಥದು. ಹೆಸರಿಗೆ ಇಂತಿಷ್ಟೇ ಜಾಗವೆಂದು ಗೊತ್ತುಮಾಡಿ, ಮೀರಿದುದನ್ನು ಗಣಕವು ಕತ್ತರಿಸಿಬಿಡುವುದುಂಟು. ಆ ಕತ್ತರಿಗೆ ಅಕ್ಷರದ ಪರಿವೆಯಿಲ್ಲ. ಸಂಕೇತಗಳ ನಡುವೆ ಎಲ್ಲಿ ಬೇಕಾದರೂ ಬೀಳುವುದು. 'ಪುತ್ತೂರು' ಎಂಬುದನ್ನು ಐದು ಸಂಕೇತಕ್ಕೆ ಕತ್ತರಿಸಿದರೆ 'ಪುತ್ತ' ಎಂದಾಗುವುದು. ನಾಲ್ಕಕ್ಕೆ ಕತ್ತರಿಸಿದರೆ 'ಪುತ್'. ಮೂರಕ್ಕೆ ಕತ್ತರಿಸಿದರೆ 'ಪುತ'. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. 'ಪುತ' ಎಂಬುದರಲ್ಲಿ ಬರಿಯ ಬಾಲ ಹೋದುದಲ್ಲ. ಮೂಲದಲ್ಲಿ ಇಲ್ಲದಿದ್ದ 'ತ' ಎಂಬ ಅಕ್ಷರವೇ ಹೊಸದಾಗಿ ಹುಟ್ಟಿದೆ. ಇಂಗ್ಲಿಷಿನ ಹೆಸರನ್ನು ಕತ್ತರಿಸಿದರೆ ಉಳಿದ ಭಾಗದ ಅಕ್ಷರಗಳಾದರೂ ಸರಿಯಾಗಿರುವುವು. ಕನ್ನಡದ ಹೆಸರಿನಲ್ಲಿ ಉಳಿದ ಭಾಗವೂ ಕೆಡಬಹುದು.

ಇಂತಹ ಕತ್ತರಿ ಬಿದ್ದಿದೆಯೆಂದು ಗುರುತಿಸುವುದು ಹೇಗೆ? ಮೂರು ಲಕ್ಷಣಗಳಿವೆ. ಹೆಸರಿನ ಕೊನೆಯಲ್ಲಿ ಇರಬಾರದ ಹಲಂತ ಕಂಡರೆ, ಒತ್ತಕ್ಷರದ ನಡುವೆ ಕತ್ತರಿ ಬಿದ್ದಿರಬಹುದು. ತುಂಡಾದ ಎರಡನೆಯ ಭಾಗದ ಆರಂಭದಲ್ಲಿ ಚುಕ್ಕೆಗಳಿಂದಾದ ಒಂದು ವೃತ್ತ ಕಂಡರೆ, ಸ್ವರಚಿಹ್ನೆಯೋ ಹಲಂತವೋ ತನ್ನ ವ್ಯಂಜನವನ್ನು ಕಳೆದುಕೊಂಡು ಅನಾಥವಾಗಿದೆಯೆಂದು ಅರ್ಥ. ಕರಿಯ ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆಯಿರುವ '�' ಎಂಬ ಗುರುತು ಕಂಡರೆ, ಕತ್ತರಿಯು ಒಂದು ಸಂಕೇತದ ಮೂರು ಬೈಟುಗಳ ನಡುವೆಯೇ ಬಿದ್ದಿರುವ ಸಂಭವ ಹೆಚ್ಚು. ಜಾಗವನ್ನು ಬೈಟುಗಳಲ್ಲಿ ಗೊತ್ತುಮಾಡಿದ ಕಡೆ ಹೀಗಾಗುವುದು.

ಕಾಣದ ಸಂಕೇತಗಳು

ಉದ್ದವನ್ನು ಹೆಚ್ಚಿಸಿಯೂ ಕಣ್ಣಿಗೆ ತಾವಾಗಿ ಕಾಣದ ಸಂಕೇತಗಳು ಇನ್ನೆರಡಿವೆ. 'ಬಸ್ಸಿನಲ್ಲಿ' ಎನ್ನದೆ 'ಬಸ್‌ನಲ್ಲಿ' ಎಂದು ಬರೆಯುವವರು ಸಕಾರಕ್ಕೆ ನಕಾರವು ಒತ್ತಾಗಿ ಸೇರಬಾರದೆಂದು ಬಯಸುತ್ತಾರೆ. ಹಲಂತದ ಬಳಿಕ ಬೇರ್ಪಡಿಕೆಯ ಸಂಕೇತವೊಂದನ್ನು, ಎಂದರೆ `U+200C` ಎಂಬುದನ್ನು, ಇಟ್ಟರೆ ಒತ್ತು ಕೂಡುವುದು ತಪ್ಪುವುದು. ಈ ಪದದಲ್ಲಿ ಕಾಣುವುದು ನಾಲ್ಕು ಅಕ್ಷರ, ಸಂಕೇತಗಳು ಒಂಬತ್ತು. ಇನ್ನೊಂದು, ಜೋಡಣೆಯ ಸಂಕೇತವಾದ `U+200D`. ರ, ಹಲಂತ, ಯ ಎಂದು ಬರೆದರೆ 'ಕಾರ್ಯ'ದಲ್ಲಿರುವಂತೆ ಅರ್ಕಾವೊತ್ತು ಬರುವುದು. 'ರ‍್ಯಾಂಕ್' ಎಂಬಲ್ಲಿ ರಕಾರವು ಇಡಿಯಾಗಿ ನಿಂತು ಯಕಾರವು ಒತ್ತಾಗಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಈ ಸಂಕೇತವನ್ನು ಇಡಬೇಕು.

ಇವುಗಳ ತೊಂದರೆ ಹುಡುಕುವಾಗ ತಿಳಿಯುವುದು. ಯಾರೋ 'ಬಸ್' ಎಂದು ಬರೆದು ಬೇರ್ಪಡಿಕೆಯ ಸಂಕೇತವನ್ನು ಕೊನೆಯಲ್ಲಿ ಉಳಿಸಿಬಿಟ್ಟರೆ ಆ ಪದದ ಉದ್ದ ನಾಲ್ಕು; ಅದಿಲ್ಲದ 'ಬಸ್' ಮೂರು. ನೋಡಲು ಎರಡೂ ಒಂದೇ. ಆದರೆ ಗಣಕವು ಅವನ್ನು ಬೇರೆ ಬೇರೆ ಪದಗಳೆಂದು ಎಣಿಸಿ, ಒಂದನ್ನು ಹುಡುಕಿದರೆ ಇನ್ನೊಂದನ್ನು ತೋರಿಸದೆ ಹೋಗಬಹುದು. ಒಂದೇ ರೀತಿ ಕಾಣುವ ಎರಡು ಪದಗಳು ಹೊಂದಿಕೊಳ್ಳದಿದ್ದರೆ ಮೊದಲು ಅವುಗಳ ಉದ್ದವನ್ನು ಕೇಳಿ ನೋಡುವುದು ಒಳ್ಳೆಯ ಪರೀಕ್ಷೆ.

ಮೂರನೆಯ ಎಣಿಕೆ

ಹಾಗಾದರೆ ನಾವು ನೋಡುವ ಅಕ್ಷರಗಳನ್ನೇ ಗಣಕದಿಂದ ಎಣಿಸಲಾಗದೆ? ಯೂನಿಕೋಡ್ ವ್ಯವಸ್ಥೆಯಲ್ಲಿ ಇದಕ್ಕಾಗಿಯೇ ಕೆಲವು ನಿಯಮಗಳಿವೆ. ಸ್ವರಚಿಹ್ನೆ, ಅನುಸ್ವಾರ, ಹಲಂತಗಳನ್ನು ಹಿಂದಿನ ವ್ಯಂಜನದೊಡನೆ ಕಟ್ಟಿ ಒಂದು ಗೊಂಚಲೆಂದು ಅವು ಎಣಿಸುವುವು. ಈ ಲೆಕ್ಕದಲ್ಲಿ ಸಂಪಾಜೆಗೆ ಮೂರು ಗೊಂಚಲುಗಳು. ನಮ್ಮ ಎಣಿಕೆಗೆ ಸರಿಹೊಂದಿತು. ಆದರೆ ಸುಳ್ಯದಲ್ಲಿ ಸು, ಳ್, ಯ ಎಂದು ಮೂರು ಗೊಂಚಲುಗಳಾಗುವುವು. ಹಲಂತವು ಹಿಂದಿನದಕ್ಕೆ ಅಂಟಿತೇ ಹೊರತು ಮುಂದಿನ ಯಕಾರವನ್ನು ತನ್ನತ್ತ ಸೆಳೆದುಕೊಳ್ಳಲಿಲ್ಲ. 2023ರಲ್ಲಿ ಬಂದ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದಿರುವ ಹೊಸ ನಿಯಮವೊಂದು ಸೇರಿತು. ಆಗ ಅದನ್ನು ಅನ್ವಯಿಸಿದುದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಎಂಬ ಆರು ಲಿಪಿಗಳಿಗೆ. ಕನ್ನಡವು ಆ ಪಟ್ಟಿಯಲ್ಲಿರಲಿಲ್ಲ. ಆದುದರಿಂದ ಸಿದ್ಧವಾಗಿ ದೊರೆಯುವ ಎಣಿಕೆಯನ್ನು ನಂಬುವ ಮುನ್ನ ಸುಳ್ಯದಂತಹ ಒಂದು ಪದವನ್ನು ಕೊಟ್ಟು ಪರೀಕ್ಷಿಸುವುದು ಲೇಸು.

ಕನ್ನಡದ ಮಟ್ಟಿಗೆ ನಾವೇ ಒಂದು ಸರಳ ನಿಯಮವನ್ನು ಮಾಡಿಕೊಳ್ಳಬಹುದು: ಸ್ವರಗಳನ್ನೂ ವ್ಯಂಜನಗಳನ್ನೂ ಮಾತ್ರ ಎಣಿಸಬೇಕು, ಅದರಲ್ಲಿಯೂ ಹಲಂತದ ಬೆನ್ನಿಗೇ ಬಂದ ವ್ಯಂಜನವನ್ನು ಬಿಡಬೇಕು. ಪೈಥಾನ್ ಭಾಷೆಯಲ್ಲಿ ಇದು ಇಷ್ಟೇ:

```
s = "ಸುಳ್ಯ"
n = 0
prev = ""
for c in s:
    if "\u0c85" <= c <= "\u0cb9" and prev != "\u0ccd":
        n = n + 1
    prev = c
print(len(s), len(s.encode("utf-8")), n)
```

ಇದನ್ನು ನಡೆಸಿದರೆ 5, 15, 2 ಎಂಬ ಮೂರು ಸಂಖ್ಯೆಗಳು ಬರುವುವು: ಸಂಕೇತಗಳು, ಬೈಟುಗಳು, ಅಕ್ಷರಗಳು. ಸಂಪಾಜೆಯ ಮಗ್ಗುಲಲ್ಲಿ ಹರಿಯುವ 'ಪಯಸ್ವಿನಿ'ಯ ಹೆಸರನ್ನು ಕೊಟ್ಟರೆ 8, 24, 4. 'ಬಸ್‌ನಲ್ಲಿ' ಎಂಬುದನ್ನು ಕೊಟ್ಟರೂ ಸರಿಯಾಗಿ ನಾಲ್ಕೇ ಬರುವುದು. ಅಲ್ಲಿ ನಕಾರದ ಹಿಂದೆ ಇರುವುದು ಹಲಂತವಲ್ಲ, ಬೇರ್ಪಡಿಕೆಯ ಸಂಕೇತ.

ಈ ನಿಯಮಕ್ಕೂ ಮಿತಿಗಳಿವೆ. ಹಳಗನ್ನಡದ 'ೞ'ಕಾರದ ಮನೆ ಉಳಿದ ವ್ಯಂಜನಗಳ ಸಾಲಿನಲ್ಲಿಲ್ಲ. ಅದು `U+0CDE` ಎಂಬ ದೂರದ ಮನೆಯಲ್ಲಿದೆ. ಹಳೆಯ ಕಾವ್ಯಗಳನ್ನು ಎಣಿಸುವವರು ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. 'ಬಸ್' ಎಂಬುದನ್ನು ಈ ನಿಯಮ ಎರಡೆಂದು ಎಣಿಸುವುದು. ಬರೆಹದ ದೃಷ್ಟಿಯಿಂದ ಅದು ಸರಿ. ಆದರೆ ಛಂದಸ್ಸಿನಲ್ಲಿ ಬಿಡಿ ವ್ಯಂಜನಕ್ಕೆ ಪ್ರತ್ಯೇಕ ಎಣಿಕೆಯಿಲ್ಲ; ಅದು ಹಿಂದಿನ ಅಕ್ಷರವನ್ನು ಗುರುವಾಗಿಸಿ ಸುಮ್ಮನಾಗುವುದು.

ಇಷ್ಟು ವಿಚಾರಿಸಿದ ಮೇಲೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಕಡತದಲ್ಲಿ ಎಷ್ಟು ಜಾಗ ಬೇಕೆಂದು ಕೇಳಿದರೆ ಸಂಪಾಜೆಯ ಉದ್ದ ಹದಿನೆಂಟು. ಕಿರುಸಂದೇಶದಲ್ಲಿ ಎಷ್ಟು ಹಿಡಿಸೀತೆಂದು ಕೇಳಿದರೆ ಆರು. ಹೆಸರನ್ನು ಎಲ್ಲಿ ಕತ್ತರಿಸಬಹುದು, ಪದಬಂಧದಲ್ಲಿ ಎಷ್ಟು ಮನೆ ಬಿಡಬೇಕು ಎಂದು ಕೇಳಿದರೆ ಮೂರು.